ಪೊಸಿಷನರ್ ತಿರುಗಿಸಿದರೆ ಫೇಲ್-ಸೇಫ್ ಬದಲಾಗುತ್ತಾ?

“ಏರ್-ಟು-ಓಪನ್ ವಾಲ್ವನ್ನು ಏರ್-ಟು-ಕ್ಲೋಸ್ ಮಾಡಲು ಪೊಸಿಷನರ್‌ನಲ್ಲಿ ರಿವರ್ಸ್ ಆಕ್ಷನ್ ಹಾಕಿದರೆ ಸಾಕು.”

ಇಲ್ಲ, ಸಾಲದು. ಪೊಸಿಷನರ್ ಅಂದರೆ ಸಿಗ್ನಲ್‌ಗೆ ತಕ್ಕಂತೆ ವಾಲ್ವ್‌ಗೆ ಗಾಳಿ ಕೊಡುವ ಸಾಧನ; ಗಾಳಿಯೇ ನಿಂತಾಗ ಅದು ಏನೂ ಮಾಡಲಾರದು. ಆಗ ವಾಲ್ವ್‌ನ ಕಾಂಡವನ್ನು ತಳ್ಳುವುದು ಸ್ಪ್ರಿಂಗ್ ಮಾತ್ರ.

ಹೀಟರ್‌ಗೆ ಸ್ಟೀಮ್ ಬಿಡುವ ವಾಲ್ವ್ ತಗೊಳ್ಳಿ. ಗಾಳಿ ಹೋದರೆ ಅದು ಮುಚ್ಚಬೇಕು, ಹಾಗಾಗಿ ಏರ್-ಟು-ಓಪನ್, ಅಂದರೆ ಗಾಳಿ ಕೊಟ್ಟರೆ ತೆರೆಯುವಂಥದ್ದು. ಸ್ಪ್ರಿಂಗ್ ರೇಂಜ್ 0.2ರಿಂದ 1.0 ಬಾರ್ ಅಂದುಕೊಳ್ಳಿ, ಅಂದರೆ ಗಾಳಿಯ ಒತ್ತಡ 0.2 ಆದಾಗ ತೆರೆಯಲು ಶುರುವಾಗಿ 1.0ಕ್ಕೆ ಪೂರ್ತಿ ತೆರೆಯುತ್ತದೆ. ಗಾಳಿ ಒತ್ತುವ ಡಯಾಫ್ರಮ್ 500 ಚದರ ಸೆಂ.ಮೀ. ಇದ್ದರೆ, ಗಾಳಿ ಇಲ್ಲದಾಗ ಸ್ಪ್ರಿಂಗ್ ಪ್ಲಗ್ ಅನ್ನು ಒತ್ತುವ ಬಲ ಸುಮಾರು 1000 ನ್ಯೂಟನ್. ಸ್ಟೀಮ್ ಒತ್ತಡ ಪ್ಲಗ್ ಅನ್ನು ಅದಕ್ಕಿಂತ ಜಾಸ್ತಿ ಬಲದಿಂದ ಎತ್ತಿದರೆ ವಾಲ್ವ್ ಸೋರುತ್ತದೆ. ಆಗ ಮೇಲಿನ ರೇಂಜಿನ ಸ್ಪ್ರಿಂಗ್ ಬೇಕು.

ಈಗ ಪೊಸಿಷನರ್ ರಿವರ್ಸ್ ಮಾಡಿ. ಸಿಗ್ನಲ್ 4 ಮಿ.ಆಂ. ಇದ್ದಾಗ ವಾಲ್ವ್ ಪೂರ್ತಿ ತೆರೆಯುತ್ತದೆ, 20ಕ್ಕೆ ಮುಚ್ಚುತ್ತದೆ. ಗಾಳಿ ಹೋದರೆ? ಮೊದಲಿನಂತೆಯೇ ಮುಚ್ಚುತ್ತದೆ. ಆದರೆ ಹಳೇ ಮಾದರಿಯ ಅನಲಾಗ್ ಪೊಸಿಷನರ್‌ನಲ್ಲಿ ಸಿಗ್ನಲ್ ತಂತಿ ಕಡಿದರೆ ವಾಲ್ವ್ ನಡೆಸುವ ಆಕ್ಚುಯೇಟರ್‌ಗೆ ಪೂರ್ತಿ ಗಾಳಿ ನುಗ್ಗಿ ಸ್ಟೀಮ್ ವಾಲ್ವ್ ಸಂಪೂರ್ಣ ತೆರೆದುಬಿಡುತ್ತದೆ! ಸುಮ್ನೆ ಒಂದು ಸೆಟ್ಟಿಂಗ್ ಅಲ್ವಾ ಅಂದುಕೊಂಡವರು ಸಿಕ್ಕಿಬೀಳುವುದು ಇಲ್ಲೇ.

ನಿಜಕ್ಕೂ ಬದಲಾಯಿಸಬೇಕಿದ್ದರೆ ಆಕ್ಚುಯೇಟರ್‌ನಲ್ಲಿ ಸ್ಪ್ರಿಂಗ್ ಇರುವ ಬದಿಯನ್ನೇ ಬದಲಿಸಬೇಕು. ಆಮೇಲೆ, ಲೈನ್ ಐಸೊಲೇಟ್ ಆಗಿರುವಾಗ, ಒಮ್ಮೆ ಗಾಳಿ ಮುಚ್ಚಿ, ಇನ್ನೊಮ್ಮೆ ಸಿಗ್ನಲ್ ತಂತಿ ಬಿಚ್ಚಿ, ಕಾಂಡ ಎತ್ತ ಹೋಗುತ್ತದೆ ಅಂತ ಕಣ್ಣಾರೆ ನೋಡಿ.