ಒಂದು ಕೋಟಿ ಹತ್ತಕ್ಕೆ ಎಪ್ಪತ್ತೈದು ಲಕ್ಷ ಅಂದವ್ರಿಗೆ ಬರೆದ ಉತ್ತರ

ಮೈಸೂರಿನ ಕುವೆಂಪುನಗರದ ನಮ್ಮನೆ ಮಾರೋಕಿಟ್ಟಾಗ ಅಪ್ಪ ಹೇಳಿದ ರೇಟು 1 ಕೋಟಿ 10 ಲಕ್ಷ. ಬಾಯಿಗೆ ಬಂದಿದ್ದಲ್ಲ, 30-40 ಸೈಟು, 1200 ಚದರಡಿ, ಅಡಿಗೆ ಎಂಟು ಸಾವಿರ ಅಂತ ಹಿಡಿದ್ರೆ ಜಾಗಕ್ಕೇ 96 ಲಕ್ಷ, ಇಪ್ಪತ್ತೈದು ವರ್ಷದ ಹಳೇ ಕಟ್ಟಡಕ್ಕೆ 14. ರಿಟೈರ್ಡ್ ಅಕೌಂಟೆಂಟು ನಮ್ಮಪ್ಪ, ಹಾಲಿನ ಲೆಕ್ಕಾನೂ ಎರಡು ಸಲ ಕೂಡಿಸೋ ಮನುಷ್ಯ.

ನೋಡೋಕೆ ಬಂದ ಪಾರ್ಟಿ ಬಹಳ ಒಳ್ಳೆಯವ್ರು, ಕಾಫಿ ಕುಡಿದ್ರು, ಅಮ್ಮನ ಕೋಡುಬಳೆ ಹೊಗಳಿದ್ರು, ಗೋಡೆಗಳನ್ನ ಬೆರಳಲ್ಲಿ ಟಕ್ ಟಕ್ ಅಂತ ತಟ್ಟಿ ನೋಡಿದ್ರು, ಮನೆಗೆ ಹೋಗಿ ರಾತ್ರಿ ವಾಟ್ಸಾಪಲ್ಲಿ ಎರಡು ನಿಮಿಷದ ವಾಯ್ಸ್ ಮೆಸೇಜ್ ಕಳಿಸಿದ್ರು. ಬಾತ್‌ರೂಮ್ ಗೋಡೇಲಿ ತೇವ ಇದೆ, ಟಾಯ್ಲೆಟ್ಟು ಈಶಾನ್ಯದಲ್ಲಿದೆ, ಹೇಗಿದ್ರೂ ಒಡೆದು ಕಟ್ಟಬೇಕು, ಒಡೆಯೋಕೂ ದುಡ್ಡು ಬೇಕಲ್ವಾ, ಹಂಗಾಗಿ 75 ಲಕ್ಷಕ್ಕೆ ಕೊಡ್ತೀರಾ ಸಾರ್, ಅದ್ರಲ್ಲಿ ಸ್ವಲ್ಪ ಕ್ಯಾಶು. ಅಮ್ಮ ಮೊದಲು ಕೇಳಿದ್ದು, ‘ಕೋಡುಬಳೆ ಎಷ್ಟು ತಿಂದ್ರು ಅವ್ರು?’

ಅಪ್ಪ ಅರ್ಧ ಗಂಟೇಲಿ ಉತ್ತರ ಬರೆದ್ರು. ‘ಮಾನ್ಯರೇ, ತಮ್ಮ ಪ್ರಸ್ತಾವನೆಯನ್ನು ಕೇಳಿ ಮನಸ್ಸಿಗೆ ತೀವ್ರ ಆಘಾತವಾಗಿದೆ, 75 ಲಕ್ಷಕ್ಕೆ ತಾವು ಬೇರೆ ಗ್ರಹದಲ್ಲಿ ಮನೆ ಹುಡುಕತಕ್ಕದ್ದು.’ ಅದು ಹೋಗಿದ್ದು ಫ್ಯಾಮಿಲಿ ಗ್ರೂಪಿಗೆ. ದಾವಣಗೆರೆ ದೊಡ್ಡಪ್ಪ ತಕ್ಷಣ ಫೋನ್ ಮಾಡಿ, ‘ನಾನ್ಯಾವಾಗ ಕೇಳ್ದೆ ನಿನ್ನ ಮನೆ’ ಅಂತ ಬೇಜಾರು ಮಾಡ್ಕೊಂಡ್ರು. ಒಂದರ್ಥದಲ್ಲಿ ಒಳ್ಳೇದೇ ಆಯ್ತು, ಸಿಟ್ಟೆಲ್ಲ ದೊಡ್ಡಪ್ಪನ ಮೇಲೆ ಖರ್ಚಾಗಿ ಪಾರ್ಟಿಗೆ ಏನೂ ಉಳಿಲಿಲ್ಲ.

ಬ್ರೋಕರ್ ಸಲಹೆ ಏನಂದ್ರೆ ಉತ್ತರಾನೇ ಕೊಡ್ಬೇಡಿ ಸಾರ್, ಅವ್ರೇ ಬರ್ತಾರೆ. ಅಮ್ಮಂದು, ಮಧ್ಯಕ್ಕೆ ಇಳಿದುಬಿಡಿ, ಗಲಾಟೆ ಯಾಕೆ. ನಂಗೆ ಎರಡೂ ಸರಿ ಅನಿಸ್ಲಿಲ್ಲ. ಬಂದು ನೋಡಿ, ನಂಬರ್ ಹೇಳಿದವ್ರು ಅಂದ್ರೆ ಮನೆ ಬೇಕಾಗಿರೋವ್ರೇ, ಸುಮ್ನೆ ಕೂತ್ರೆ ಅವ್ರು ಪಕ್ಕದ ಕ್ರಾಸಿಗೆ ಹೋಗ್ತಾರೆ. ಮಧ್ಯ ಅಂದ್ರೆ 75ಕ್ಕೂ 110ಕ್ಕೂ ನಡುವೆ, ತೊಂಬತ್ತೆರಡೂವರೆ. ನಾವು ಅದನ್ನ ಹೇಳಿದ ಕೂಡ್ಲೇ ಅವ್ರು 75ಕ್ಕೂ ತೊಂಬತ್ತೆರಡೂವರೆಗೂ ಇನ್ನೊಂದು ಮಧ್ಯ ಹುಡುಕ್ತಾರೆ, ಅದು 83 ಮುಕ್ಕಾಲು. ಅವ್ರು ಹೇಳಿದ ನಂಬರನ್ನೇ ಮೊಳೆ ಮಾಡ್ಕೊಂಡು ನಮ್ಮ ಹಗ್ಗ ಕಟ್ಟಿದ್ರೆ ಎಳೆಯೋದೆಲ್ಲ ಆ ಕಡೆಗೇ.

ಅಪ್ಪನ ಅಕೌಂಟೆಂಟ್ ಬುದ್ಧಿ ಕೆಲಸಕ್ಕೆ ಬಂದಿದ್ದು ಇಲ್ಲಿ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್ಲಲ್ಲಿ ನಮ್ಮ ರಸ್ತೆಯ ಗೈಡೆನ್ಸ್ ವ್ಯಾಲ್ಯೂ ತೆಗೆದು, ಜಾಗ ಕಟ್ಟಡ ಎರಡೂ ಸೇರಿಸಿ ಲೆಕ್ಕ ಹಾಕಿದ್ರೆ 84 ಲಕ್ಷ ಬಂತು. ಗೈಡೆನ್ಸ್ ವ್ಯಾಲ್ಯೂ ಅಂದ್ರೆ ಮಾರ್ಕೆಟ್ ರೇಟಲ್ಲ, ಇದಕ್ಕಿಂತ ಕಮ್ಮಿಗೆ ರಿಜಿಸ್ಟರ್ ಆಗಿದೆ ಅಂದ್ರೂ ಸ್ಟ್ಯಾಂಪ್ ಡ್ಯೂಟಿ ಈ ಲೆಕ್ಕದಲ್ಲೇ ಕಟ್ಟಿ ಅನ್ನೋ ಸರ್ಕಾರದ ಕನಿಷ್ಠ ದರ. ಅಂದ್ರೆ 75ಕ್ಕೆ ತಗೊಂಡ್ರೂ ಅವ್ರು ಡ್ಯೂಟಿ ಕಟ್ಟೋದು 84ಕ್ಕೇ. ಅದಕ್ಕಿಂತ ಮಜಾ ಇನ್‌ಕಂ ಟ್ಯಾಕ್ಸ್ ಕಡೆಯದು. ಕೊಟ್ಟ ಬೆಲೆಗೂ ಸರ್ಕಾರದ ಬೆಲೆಗೂ ಶೇಕಡಾ 10ರೊಳಗೆ ವ್ಯತ್ಯಾಸ ಇದ್ರೆ ಕೇಳಲ್ಲ, ದಾಟಿದ್ರೆ ಆ ವ್ಯತ್ಯಾಸ ಪೂರ್ತಿ ಕೊಂಡವ್ರ ಆದಾಯ ಅಂತ ಸೇರಿಸ್ತಾರೆ. 75ರ ಶೇಕಡಾ 10 ಏಳೂವರೆ ಲಕ್ಷ, ನಮ್ಮ ವ್ಯತ್ಯಾಸ 9 ಲಕ್ಷ. ಚೌಕಾಶಿ ಮಾಡಿ ಉಳಿಸಿದ 9 ಲಕ್ಷದ ಮೇಲೆ ಅವ್ರೇ ಟ್ಯಾಕ್ಸ್ ಕಟ್ಟಬೇಕು! ಮಾರಿದ ನಮಗೂ ಕ್ಯಾಪಿಟಲ್ ಗೇನ್ಸ್ ಲೆಕ್ಕ ಹಾಕೋದು 84 ಬಂತು ಅಂತಾನೇ, ಕೈಗೆ ಬಂದಿದ್ದು 75 ಆದ್ರೂ. ಅಪ್ಪ ಇದನ್ನ ಕಂಡುಹಿಡಿದ ದಿನ ಎರಡು ಲೋಟ ಕಾಫಿ ಜಾಸ್ತಿ ಕುಡಿದ್ರು, ಶತ್ರುವಿನ ಲೆಕ್ಕದಲ್ಲೇ ತಪ್ಪು ಸಿಕ್ಕ ಖುಷಿ.

ಇನ್ನು ಕ್ಯಾಶು. ಮನೆ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದಲ್ಲಿ ತಗೊಂಡ್ರೆ ತಗೊಂಡವ್ರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು, ಅಂದ್ರೆ ಆ ದುಡ್ಡು ಅಪ್ಪನ ಜೇಬಿಂದಾನೇ ಹೋಗೋದು. ಬ್ರೋಕರ್ ‘ಎಲ್ಲಾರೂ ಹಂಗೇ ಮಾಡೋದು ಸಾರ್’ ಅಂದ, ಅಪ್ಪ ‘ಎಲ್ಲಾರಿಗೂ ಬಿಪಿ ಇಲ್ಲ’ ಅಂದ್ರು.

ಒಡೆಯೋ ಖರ್ಚಿನ ಮಾತಿಗೂ ಉತ್ತರ ಇತ್ತು. ಹಳೇ ಮನೆ ಕೆಡವೋ ಕಂಟ್ರಾಕ್ಟರ್ ಒಬ್ಬ ಬಂದು ನೋಡಿ, ತೇಗದ ಬಾಗಿಲು ಕಿಟಕಿ, ಕಬ್ಬಿಣದ ಗ್ರಿಲ್ಲು ನಂಗೆ ಬಿಟ್ಟುಕೊಟ್ರೆ ಕೂಲಿ ಅದ್ರಲ್ಲೇ ವಜಾ ಮಾಡ್ಕೋತೀನಿ ಅಂತ ಹೇಳಿ ಹೋದ. ತೇವ ಮಾತ್ರ ನಿಜ, ಅದನ್ನ ಸುಳ್ಳು ಅನ್ನೋಕಾಗಲ್ಲ, ಬಾತ್‌ರೂಮ್ ಹಿಂದಿನ ಗೋಡೇಲಿ ನಮ್ಮ ಅಜ್ಜನ ಫೋಟೋ ನೇತಾಕಿರೋದೇ ಅದನ್ನ ಮುಚ್ಚೋಕೆ. ಟಾಯ್ಲೆಟ್ ದಿಕ್ಕಿನ ಬಗ್ಗೆ ವಾದ ಮಾಡ್ಬಾರ್ದು ಅಂತ ನಾನು ಮೊದಲೇ ಹೇಳಿದ್ದೆ, ವಾಸ್ತು ವಿಷಯದಲ್ಲಿ ಗೆದ್ದವ್ರು ಯಾರೂ ಇಲ್ಲ.

ಕೊನೆಗೆ ಮೂವರೂ ಕೂತು ಬರೆದ ಉತ್ತರ ಇದು, ಈ ಸಲ ಕಳಿಸೋ ಮುಂಚೆ ಹೆಸರನ್ನ ಅಮ್ಮ ಜೋರಾಗಿ ಓದಿ ಚೆಕ್ ಮಾಡಿದ್ರು:

‘ನಮಸ್ಕಾರ ಸರ್, ಮನೆ ನಿಮಗೆ ಇಷ್ಟ ಆಗಿದ್ದು ಖುಷಿ. 75ಕ್ಕೆ ಆಗಲ್ಲ ಸರ್, ಅದು ಗೈಡೆನ್ಸ್ ವ್ಯಾಲ್ಯೂಗಿಂತಲೂ 9 ಲಕ್ಷ ಕಮ್ಮಿ, ಹಂಗೆ ರಿಜಿಸ್ಟರ್ ಮಾಡಿದ್ರೆ ಇಬ್ಬರಿಗೂ ಟ್ಯಾಕ್ಸ್ ತೊಂದರೆ, ನಿಮ್ಮ ಆಡಿಟರನ್ನ ಒಂದು ಮಾತು ಕೇಳಿ. ತೇವದ ವಿಷಯ ನೀವು ಹೇಳಿದ್ದು ಸರಿ, ರಿಪೇರಿಗೆ ಅಂತ 1 ಲಕ್ಷ ಬಿಡ್ತೀವಿ. ಒಂದು ವಾರದಲ್ಲಿ ಅಗ್ರಿಮೆಂಟ್ ಮಾಡಿ 10 ಲಕ್ಷ ಅಡ್ವಾನ್ಸ್ ಬ್ಯಾಂಕ್ ಮೂಲಕ ಕೊಟ್ಟು, 60 ದಿನದಲ್ಲಿ ರಿಜಿಸ್ಟ್ರೇಷನ್ ಮುಗಿಸೋದಾದ್ರೆ ಇನ್ನೂ 3 ಲಕ್ಷ ಕಮ್ಮಿ, ಒಟ್ಟು 1 ಕೋಟಿ 6 ಲಕ್ಷ. ಪತ್ರಗಳ ಜೆರಾಕ್ಸ್, ಇಸಿ, ಖಾತೆ ಎಲ್ಲಾ ರೆಡಿ ಇದೆ, ಲಾಯರ್ ಜೊತೆ ಬನ್ನಿ. ಶನಿವಾರದವರೆಗೂ ಬೇರೆಯವ್ರಿಗೆ ಮಾತು ಕೊಡಲ್ಲ.’

ಇಳಿಸಿದ್ದು ನಾಲ್ಕು ಲಕ್ಷ, ಆದ್ರೆ ಒಂದೊಂದು ಲಕ್ಷಕ್ಕೂ ಕಾರಣ ಇತ್ತು. ಒಂದು ತೇವಕ್ಕೆ, ಮೂರು ಅವ್ರ ಬೇಗದ ದುಡ್ಡಿಗೆ. ಕಾರಣ ಇಲ್ದೆ ಇಳಿಸಿದ್ರೆ ಇನ್ನೂ ಇಳಿಯುತ್ತೆ ಅಂತ ಗೊತ್ತಾಗಿಬಿಡುತ್ತೆ. ಶನಿವಾರದ ಗಡುವು ಅಪ್ಪನ ಐಡಿಯಾ, ಬೇರೆ ಪಾರ್ಟಿ ಯಾರೂ ಇರ್ಲಿಲ್ಲ ಅನ್ನೋದು ಬೇರೆ ವಿಷಯ, ಮೆಸೇಜಲ್ಲಿ ಇದ್ದಾರೆ ಅಂತಾನೂ ನಾವು ಹೇಳಿಲ್ಲ.

ಎರಡು ದಿನ ಸದ್ದಿಲ್ಲ, ನೀಲಿ ಟಿಕ್ ಮಾತ್ರ. ಅಪ್ಪ ಫೋನನ್ನ ಚಾರ್ಜಿಗೆ ಹಾಕೋ ನೆಪದಲ್ಲಿ ಹತ್ತು ಸಲ ನೋಡಿದ್ರು. ಗುರುವಾರ ಬಂತು, 92. ನಾವು 1 ಕೋಟಿ 4. ಅವ್ರು 97. 17 ಹತ್ತಿದ್ದವ್ರು ಈಗ 5 ಹತ್ತಿದಾರೆ ಅಂದ್ರೆ ಅವ್ರ ಮಿತಿ ಒಂದು ಕೋಟಿ ಆಸುಪಾಸು ಅಂತ ಅಪ್ಪ ಕ್ಯಾಲ್ಕ್ಯುಲೇಟರ್ ಇಲ್ದೆ ಹೇಳಿದ್ರು. ಶನಿವಾರ ಮನೆಗೇ ಬಂದು ಕೂತ್ರು, ಕೋಡುಬಳೆ ಮತ್ತೆ ಬಂತು, 1 ಕೋಟಿ 1 ಲಕ್ಷಕ್ಕೆ ಮಾತು ಮುಗೀತು, ಯುಪಿಎಸ್ಸು ಮತ್ತು ಸೋಲಾರ್ ಹೀಟರ್ ಅವ್ರಿಗೇ. ‘ನಾನು ಹೇಳಿರ್ಲಿಲ್ವಾ ಸಾರ್, ಅವ್ರೇ ಬರ್ತಾರೆ ಅಂತ’ ಅಂದ ಬ್ರೋಕರ್ ಆಮೇಲೆ ಎರಡೂ ಕಡೆಯಿಂದ ಕಮಿಷನ್ ಕೇಳಿದ.