ಕಂಪನಿ ಬಿಟ್ಟರೆ ಸಂಬಳ ಜಾಸ್ತಿ ಆಗುತ್ತಾ? ಮೊದಲು ನಿಮ್ಮ ಸೀಟಿನ ಬೆಲೆ ತಿಳಿದುಕೊಳ್ಳಿ

ನಮ್ಮ ಆಫೀಸಿನಲ್ಲಿ ಏಪ್ರಿಲ್ ಹೈಕ್ ಲೆಟರ್ ಬಂದ ವಾರ ಕ್ಯಾಂಟೀನಿನಲ್ಲಿ ಬೇರೆ ಮಾತೇ ಇರುವುದಿಲ್ಲ. "ಇಲ್ಲೇ ಇದ್ರೆ ಉದ್ಧಾರ ಆಗಲ್ಲ ಗುರು, ಪೇಪರ್ ಹಾಕ್ತೀನಿ" ಅಂತ ಒಬ್ಬ. "ಎಲ್ಲಾ ಕಡೆ ಅಷ್ಟೇ, ಸುಮ್ನಿರು" ಅಂತ ಇನ್ನೊಬ್ಬ. ಇಬ್ಬರ ಮಾತೂ ಸರಿ ಇರಬಹುದು, ಆದರೆ ಯಾರಿಗೆ ಯಾವುದು ಸರಿ ಎಂದು ಇಬ್ಬರೂ ಲೆಕ್ಕ ಹಾಕಿರುವುದಿಲ್ಲ. ಬೆಂಗಳೂರಿನ ಐಟಿ ಸರ್ವಿಸ್ ಕಂಪನಿಗಳಲ್ಲಿ ಹೊಸಬರನ್ನು ಇಂಟರ್ವ್ಯೂ ಮಾಡುವ ಕಡೆ ಕೂತು ನೋಡಿದವನಾಗಿ ನನ್ನ ಅಭಿಪ್ರಾಯ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಲೆಕ್ಕ. ಕಾಲೇಜಿನಿಂದ ನೇರ ಬಂದ ಇಬ್ಬರು ಜಾವಾ ಹುಡುಗರು ವರ್ಷಕ್ಕೆ 3.6 ಲಕ್ಷಕ್ಕೆ ಸೇರಿದರು ಅಂದುಕೊಳ್ಳಿ. ಪ್ರತಿ ವರ್ಷ ಶೇ 8ರಷ್ಟು ಹೈಕ್. ಮೂರು ವರ್ಷಕ್ಕೆ ಇಬ್ಬರೂ ಸುಮಾರು 4.5 ಲಕ್ಷದಲ್ಲಿ ಇರುತ್ತಾರೆ. ಒಬ್ಬ ಅಲ್ಲೇ ಉಳಿದ. ಇನ್ನೊಬ್ಬ ಶೇ 40 ಹೆಚ್ಚಿಗೆ ಪಡೆದು ಬೇರೆ ಕಡೆ ಹೋದ, ಅಂದರೆ ಸುಮಾರು 6.3 ಲಕ್ಷ. ಆಮೇಲೆ ಅವನಿಗೂ ಅದೇ ಶೇ 8. ಆರನೇ ವರ್ಷ ಮುಗಿಯುವಾಗ ಉಳಿದವನದು 5.7 ಲಕ್ಷ, ಹೋದವನದು ಹತ್ತಿರ ಹತ್ತಿರ 8 ಲಕ್ಷ. ಉಳಿದವನಿಗೆ ನಡುವೆ ಒಂದು ಪ್ರಮೋಷನ್ ಸಿಕ್ಕಿ ಶೇ 15 ಸೇರಿದರೂ 6.6 ಲಕ್ಷ ದಾಟುವುದಿಲ್ಲ.

ಹಾಗಾದರೆ ಮೂರು ವರ್ಷಕ್ಕೊಮ್ಮೆ ಹೋಗುತ್ತಲೇ ಇದ್ದರೆ ಆಯ್ತಲ್ವಾ? ಇಲ್ಲಿಯೇ ಜನ ಎಡವುವುದು. ಆ ಶೇ 40 ಎಲ್ಲಿಂದ ಬಂತು ಅಂತ ನೋಡಬೇಕು. ಕಂಪನಿಗಳಲ್ಲಿ ಇರುವವರ ಹೈಕ್‌ಗೆ ಒಂದು ಬಜೆಟ್, ಹೊರಗಿನಿಂದ ತರುವವರಿಗೆ ಇನ್ನೊಂದು. ಮೊದಲನೆಯದನ್ನು ಇಡೀ ಕಂಪನಿಗೆ ಹಂಚಬೇಕು, ಅದಕ್ಕೇ ಚಿಕ್ಕದು. ಎರಡನೆಯದು ಖಾಲಿ ಸೀಟು ತುಂಬಲು ಇಟ್ಟದ್ದು. ಆವತ್ತು ಮಾರುಕಟ್ಟೆ ಏನು ಕೇಳುತ್ತದೋ ಅಷ್ಟು ಕೊಡಲೇಬೇಕು. ಫ್ರೆಶರ್ ಸಂಬಳ ತುಂಬಾ ಕಡಿಮೆ ಇರುತ್ತದೆ, ಮೂರು ವರ್ಷ ಕೆಲಸ ಕಲಿತವನ ಮಾರುಕಟ್ಟೆ ಬೆಲೆ ಅದಕ್ಕಿಂತ ಬಹಳ ಮೇಲಿರುತ್ತದೆ. ಆ ಮೊದಲ ಜಿಗಿತ ಅಂತರ ತುಂಬಿಸುತ್ತದೆ, ಅಷ್ಟೇ. ತುಂಬಿದ ಮೇಲೆ ನೀವು ಆ ಅನುಭವಕ್ಕೆ ಕೊಡುವ ಬ್ಯಾಂಡ್‌ನ ಮೇಲ್ಭಾಗದಲ್ಲಿ ಇರುತ್ತೀರಿ. 28 ಲಕ್ಷದಲ್ಲಿರುವವನು ಇನ್ನೂ ಶೇ 40 ಕೇಳಿದರೆ ಎಚ್‌ಆರ್ ನಗುತ್ತಾರೆ. ಆ ಸೀಟಿಗೆ ಇಟ್ಟ ದುಡ್ಡೇ 30 ಲಕ್ಷ ಆಗಿರುತ್ತದೆ.

ಆದ್ದರಿಂದ ನನ್ನ ಪ್ರಕಾರ ಪ್ರಶ್ನೆ ಎಷ್ಟು ಸಲ ಕಂಪನಿ ಬದಲಾಯಿಸಬೇಕು ಎಂಬುದಲ್ಲ. ನಿಮ್ಮ ಸಂಬಳ ಮಾರುಕಟ್ಟೆಗಿಂತ ಎಷ್ಟು ಕೆಳಗಿದೆ ಎಂಬುದು. ಅದನ್ನು ತಿಳಿಯಲು ಒಳ್ಳೆಯ ದಾರಿ ನಿಮ್ಮ ಟೀಮಿನಲ್ಲೇ ಇದೆ. ಕಳೆದ ಒಂದು ವರ್ಷದಲ್ಲಿ ನಿಮ್ಮಷ್ಟೇ ಅನುಭವದ ಯಾರನ್ನಾದರೂ ಹೊರಗಿನಿಂದ ತಂದರಾ? ಎಷ್ಟಕ್ಕೆ? ನೇರ ಕೇಳಿದರೆ ಹೇಳಲಿಕ್ಕಿಲ್ಲ. ಆದರೆ ಟೀ ಕುಡಿಯುವಾಗ "ಇಷ್ಟರಿಂದ ಇಷ್ಟರ ಒಳಗೆ ಇರುತ್ತಾ?" ಅಂತ ಕೇಳಿದರೆ ಬಹಳ ಜನ ತಲೆ ಆಡಿಸುತ್ತಾರೆ. ಅವರು ನಿಮಗಿಂತ ಶೇ 30ರಷ್ಟು ಮೇಲಿದ್ದರೆ ನೀವು ಅಗ್ಗಕ್ಕೆ ಕೂತಿದ್ದೀರಿ. ಶೇ 5-10 ಅಂತರವಾದರೆ ಜಿಗಿತದಿಂದ ಸಿಗುವುದು ಹೆಚ್ಚೇನಿಲ್ಲ. ಇನ್ನು ನಿಮ್ಮ ಕಂಪನಿ ಹೊರಗಿನವರನ್ನು ತರುವುದೇ ಕಡಿಮೆ, ಒಳಗಿನವರನ್ನೇ ಮೇಲೆ ಹತ್ತಿಸುತ್ತದೆ ಅಂದರೆ ಅಲ್ಲಿ ಕಾಯುವುದರಲ್ಲಿ ಅರ್ಥ ಇದೆ.

ಕಾಲವೂ ಮುಖ್ಯ. 2022ರ ಮಾರ್ಚ್‌ನಲ್ಲಿ ಇನ್ಫೋಸಿಸ್‌ನ ವಾರ್ಷಿಕ ಆಟ್ರಿಷನ್, ಅಂದರೆ ಕೆಲಸ ಬಿಟ್ಟು ಹೋದವರ ಪ್ರಮಾಣ, ಶೇ 27.7 ಇತ್ತು. ಎರಡು ವರ್ಷದ ನಂತರ ಅದು ಶೇ 12.6ಕ್ಕೆ ಇಳಿಯಿತು. ಜನರಿಗೆ ಕಂಪನಿಯ ಮೇಲೆ ದಿಢೀರ್ ಪ್ರೀತಿ ಬಂತು ಅಂತಲ್ಲ, ಹೊರಗೆ ಆಫರ್ ಕಡಿಮೆಯಾಯಿತು. 2022ರಲ್ಲಿ ನಿಮ್ಮ ಸ್ನೇಹಿತನಿಗೆ ಸಿಕ್ಕ ಹೈಕ್ ಹಿಡಿದು ಈಗ ಲೆಕ್ಕ ಹಾಕಬೇಡಿ.

ಈಗ ಆಫರ್ ಲೆಟರ್ ಓದುವುದು ಹೇಗೆ ಅಂತ ನೋಡೋಣ. ಒಂದು ಮಾದರಿ. ಈಗಿನ ಸಿಟಿಸಿ 9 ಲಕ್ಷ. ಅದರಲ್ಲಿ ಗ್ಯಾರಂಟಿ ಭಾಗ 8.6 ಲಕ್ಷ, ವೇರಿಯಬಲ್ 40 ಸಾವಿರ. ಹೊಸ ಆಫರ್ 11.7 ಲಕ್ಷ. "ಶೇ 30 ಹೈಕ್!" ಅಂತ ಮನೆಗೆ ಸ್ವೀಟ್ ತರುತ್ತೀರಿ. ಬಿಡಿಸಿ ನೋಡಿದರೆ ಅದರೊಳಗೆ 1 ಲಕ್ಷ ಜಾಯಿನಿಂಗ್ ಬೋನಸ್, ಮೊದಲ ವರ್ಷಕ್ಕೆ ಮಾತ್ರ. ಒಂದು ವರ್ಷದೊಳಗೆ ಬಿಟ್ಟರೆ ಅದನ್ನೂ ವಾಪಸ್ ಕೇಳುತ್ತಾರೆ. 1.5 ಲಕ್ಷ ವೇರಿಯಬಲ್, ಕಂಪನಿ ಚೆನ್ನಾಗಿ ನಡೆದರೆ ಪೂರ್ತಿ, ಇಲ್ಲವಾದರೆ ಅರ್ಧ. ಉಳಿದದ್ದು 9.2 ಲಕ್ಷ. ಅಂದರೆ 8.6ರಿಂದ 9.2ಕ್ಕೆ, ಶೇ 7. ಕೂತಲ್ಲೇ ಏಪ್ರಿಲ್‌ವರೆಗೆ ಕಾದಿದ್ದರೆ ಹೆಚ್ಚುಕಡಿಮೆ ಅಷ್ಟೇ ಬರುತ್ತಿತ್ತು! ಅದಕ್ಕೇ ಸಿಟಿಸಿಗೆ ಸಿಟಿಸಿ ಹೋಲಿಸಬೇಡಿ. ಗ್ಯಾರಂಟಿ ಭಾಗಕ್ಕೆ ಗ್ಯಾರಂಟಿ ಭಾಗ ಹೋಲಿಸಿ. ಎರಡರಲ್ಲೂ ಕಂಪನಿಯ ಪಿಎಫ್ ಪಾಲು, ಗ್ರಾಚ್ಯುಟಿ, ಇನ್ಶೂರೆನ್ಸ್ ಪ್ರೀಮಿಯಂ ಸೇರಿದೆಯಾ ಅಂತಲೂ ನೋಡಿ.

ಬಿಡುವಾಗ ಕಳೆದುಕೊಳ್ಳುವುದನ್ನೂ ಲೆಕ್ಕಕ್ಕೆ ತರಬೇಕು. ಕಾಯಂ ನೌಕರನಿಗೆ ಗ್ರಾಚ್ಯುಟಿ ಸಿಗಲು ಒಂದೇ ಕಡೆ 5 ವರ್ಷ ಆಗಿರಬೇಕು. ತಿಂಗಳ ಮೂಲ ವೇತನ 30 ಸಾವಿರ ಇದ್ದರೆ 5 ವರ್ಷಕ್ಕೆ ಸುಮಾರು 86 ಸಾವಿರ. ನಾಲ್ಕು ವರ್ಷ ಮೂರು ತಿಂಗಳಿಗೆ ಪೇಪರ್ ಹಾಕಿದವನಿಗೆ ಅದು ಸಾಮಾನ್ಯವಾಗಿ ಹೋದಂತೆಯೇ. ನೋಟಿಸ್ ಪೀರಿಯಡ್ 90 ದಿನ ಇದ್ದು ಹೊಸ ಕಂಪನಿಯವರು 30 ದಿನದಲ್ಲಿ ಬಾ ಅಂದರೆ, ಉಳಿದ ಎರಡು ತಿಂಗಳ ಬೈಔಟ್ ದುಡ್ಡು ಯಾರು ಕಟ್ಟುತ್ತಾರೆ ಎಂಬುದನ್ನು ಬರಹದಲ್ಲಿ ತೆಗೆದುಕೊಳ್ಳಿ. ಪಿಎಫ್ ಮಾತ್ರ ದಯವಿಟ್ಟು ತೆಗೆಯಬೇಡಿ, ಟ್ರಾನ್ಸ್‌ಫರ್ ಮಾಡಿ. ಹಾಗೆ ಮಾಡಿದರೆ ಹಳೆಯ ಸರ್ವಿಸ್ ಸೇರಿಕೊಳ್ಳುತ್ತದೆ. 5 ವರ್ಷದೊಳಗೆ ತೆಗೆದರೆ ತೆರಿಗೆ ಬೀಳುತ್ತದೆ.

ಐಟಿ ಬಿಟ್ಟು ಬೇರೆ ಕಡೆ ಈ ಲೆಕ್ಕ ಹೀಗೆ ಕೂರುವುದಿಲ್ಲ. ನನ್ನ ಅಕ್ಕ ಸರ್ಕಾರಿ ಹೈಸ್ಕೂಲ್ ಟೀಚರ್. ಅವಳ ಸಂಬಳ ವೇತನ ಶ್ರೇಣಿಯಲ್ಲಿ ಬರೆದಿಟ್ಟದ್ದು. ವರ್ಷಕ್ಕೊಂದು ಇನ್‌ಕ್ರಿಮೆಂಟ್, ಮೇಲೆ ತುಟ್ಟಿಭತ್ಯೆ, ವೇತನ ಆಯೋಗ ಬಂದಾಗ ಒಂದು ದೊಡ್ಡ ಏರಿಕೆ. ರಾಜ್ಯದಲ್ಲಿ 7ನೇ ಆಯೋಗದ್ದು 2024ರ ಆಗಸ್ಟ್‌ನಿಂದ ಜಾರಿಯಾಯಿತು. ಅವಳು ಒಂದು ಶಾಲೆಯಿಂದ ಇನ್ನೊಂದಕ್ಕೆ ಹೋದರೆ ಬದಲಾಗುವುದು ಬಸ್ ಮಾತ್ರ. ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಹೆಣ್ಣುಮಕ್ಕಳ ಸ್ಥಿತಿ ಇನ್ನೊಂದು ತರಹ. ಬಹಳ ಕಡೆ ಸಂಬಳ ಕನಿಷ್ಠ ವೇತನದ ಆಸುಪಾಸಿನಲ್ಲೇ ನಿಂತಿರುತ್ತದೆ. ಈ ಫ್ಯಾಕ್ಟರಿ ಬಿಟ್ಟು ಆ ಫ್ಯಾಕ್ಟರಿಗೆ ಹೋದರೂ ಅದೇ, ಮೇಲಿಂದ ಗ್ರಾಚ್ಯುಟಿಯ 5 ವರ್ಷದ ಎಣಿಕೆ ಮತ್ತೆ ಸೊನ್ನೆಯಿಂದ. ಸಂಬಳವನ್ನು ಕಾನೂನು ಅಥವಾ ಶ್ರೇಣಿ ನಿರ್ಧರಿಸುವ ಕಡೆ ಜಿಗಿತಕ್ಕೆ ಬೆಲೆ ಇಲ್ಲ.

ಖಾಸಗಿ ಕೆಲಸದಲ್ಲೂ ಕೌಶಲ ಹೊತ್ತುಕೊಂಡು ಹೋಗಲು ಬರುತ್ತದೆಯಾ ಎಂದು ನೋಡಬೇಕು. ಜಾವಾ, ಎಸ್‌ಎಪಿ ಎಲ್ಲಿ ಹೋದರೂ ಅದೇ. ಆದರೆ ಒಂದೇ ಕಂಪನಿಯ ಹಳೆಯ ಸಾಫ್ಟ್‌ವೇರ್‌ನಲ್ಲಿ ಎಂಟು ವರ್ಷ ಪಳಗಿದವರು ಒಳಗೆ ತುಂಬಾ ಬೆಲೆಬಾಳುತ್ತಾರೆ, ಹೊರಗೆ ಮೂರು ವರ್ಷದವರಂತೆ ಇಂಟರ್ವ್ಯೂ ಎದುರಿಸುತ್ತಾರೆ. ಅಂಥವರಿಗೆ ನಾನು ಹೇಳುವುದು, ರಾಜೀನಾಮೆಗೆ ಮುಂಚೆ ಮ್ಯಾನೇಜರ್ ಹತ್ತಿರ ಕೂತು ಚೌಕಾಸಿ ಮಾಡಿ. ನಿಮ್ಮ ಜಾಗಕ್ಕೆ ಇನ್ನೊಬ್ಬರನ್ನು ತಯಾರು ಮಾಡಲು ಎಷ್ಟು ತಿಂಗಳು ಬೇಕು ಅಂತ ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಇನ್ನೊಂದು, ರೆಸ್ಯೂಮೆಯಲ್ಲಿ ವರ್ಷಕ್ಕೊಂದು ಕಂಪನಿ ಸಾಲಾಗಿ ಕಂಡರೆ ನಾವು ಇಂಟರ್ವ್ಯೂನಲ್ಲಿ ಮೊದಲು ಕೇಳುವುದು ಅದನ್ನೇ. ಹೊಸ ಪ್ರಾಜೆಕ್ಟ್ ಅರ್ಥವಾಗಲು ಆರು ತಿಂಗಳು ಬೇಕು. ಹನ್ನೆರಡನೇ ತಿಂಗಳಿಗೆ ಹೋಗುವವರು ಏನು ಕಟ್ಟಿ ಮುಗಿಸಿದರು ಅಂತ ಕೇಳಿದರೆ ಸಾಮಾನ್ಯವಾಗಿ ಉತ್ತರ ಇರುವುದಿಲ್ಲ.

ನರ್ಸಿಂಗ್, ಬ್ಯಾಂಕ್, ಸಿವಿಲ್ ಸೈಟ್, ಸೇಲ್ಸ್‌ನಲ್ಲಿ ಇರುವವರು ಕಾಮೆಂಟ್‌ನಲ್ಲಿ ಹೇಳಿ: ನಿಮ್ಮಷ್ಟೇ ಅನುಭವದವರು ಹೊರಗಿನಿಂದ ಬಂದರೆ ನಿಮಗಿಂತ ಎಷ್ಟು ಹೆಚ್ಚಿಗೆ ಸಿಗುತ್ತದೆ?