ಸಹಿ ಯಾರದು ಅನ್ನೋದೇ ಜಗಳವಾದಾಗ

ಲಂಡನ್ನಿನಲ್ಲಿ ಹಡಗು ಬಾಡಿಗೆಯ ಕರಾರುಗಳನ್ನು ಓದುವುದೇ ನನ್ನ ಕೆಲಸ. ಮೊನ್ನೆ ಬೆಂಗಳೂರಿನ ಗೆಳೆಯ ಫೋನ್ ಮಾಡಿದ್ದ. "ನಮ್ಮವರಿಗೇ ಲಂಚ ತಿನ್ನಿಸಿ ಮಾಡಿಸಿಕೊಂಡ ಕರಾರು ಕಣೋ. ಕರಾರೇ ಬಿದ್ದುಹೋದರೆ ಅದರೊಳಗಿನ ಆರ್ಬಿಟ್ರೇಷನ್ ಷರತ್ತು ಎಲ್ಲಿ ಉಳಿಯುತ್ತೆ?" ಅಂದ. ಜಗಳ ಬಂದರೆ ಕೋರ್ಟಿನ ಬದಲು ಮಧ್ಯಸ್ಥರು, ಅಂದರೆ ಆರ್ಬಿಟ್ರೇಟರುಗಳು, ತೀರ್ಮಾನಿಸಲಿ ಅನ್ನೋದೇ ಆ ಷರತ್ತು.

ಉಳಿಯುತ್ತೆ. ಫಿಯೋನಾ ಟ್ರಸ್ಟ್ ಕೇಸಿನಲ್ಲಿ ಹಡಗು ಮಾಲೀಕರ ವಾದವೂ ಇದೇ ಆಗಿತ್ತು. 2007ರಲ್ಲಿ, ಆಗ ಇಲ್ಲಿನ ಅತ್ಯುನ್ನತ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್ ಅದನ್ನು ಒಪ್ಪಲಿಲ್ಲ. ಲಂಚ ಕೊಟ್ಟದ್ದು ಬಾಡಿಗೆ ಕರಾರಿಗೆ, ಆರ್ಬಿಟ್ರೇಷನ್ ಷರತ್ತಿಗಲ್ಲ ಅಲ್ವಾ? ಕಾನೂನಿನ ಕಣ್ಣಲ್ಲಿ ಷರತ್ತು ಬೇರೆಯೇ ಒಂದು ಒಪ್ಪಂದ. ಆದರೆ ಸಹಿಯೇ ಖೋಟಾ ಆಗಿದ್ದರೆ ಎರಡೂ ಒಟ್ಟಿಗೇ ಬೀಳುತ್ತವೆ.

ಹಾಗಾದರೆ ಸಹಿ ಯಾರದು ಅಂತ ತೀರ್ಮಾನಿಸುವವರು ಯಾರು? ಮೊದಲು ಆರ್ಬಿಟ್ರೇಟರುಗಳೇ. ಆದರೆ ಮೊದಲ ಮಾತು ಅವರದಾದ ಮಾತ್ರಕ್ಕೆ ಕೊನೆಯ ಮಾತೂ ಅವರದಲ್ಲ. ದಲ್ಲಾ ಕೇಸು ನೋಡಿ. ಮೆಕ್ಕಾದಲ್ಲಿ ಹಜ್ ಯಾತ್ರಿಕರಿಗೆ ವಸತಿ ಕಟ್ಟಲು ಸೌದಿಯ ದಲ್ಲಾ ಕಂಪನಿ 1996ರಲ್ಲಿ ಪಾಕಿಸ್ತಾನದ ಒಂದು ಟ್ರಸ್ಟ್ ಜೊತೆ ಕರಾರು ಮಾಡಿಕೊಂಡಿತು. ಟ್ರಸ್ಟ್ ಹುಟ್ಟಿದ್ದು ಸುಗ್ರೀವಾಜ್ಞೆಯಿಂದ. ಕೆಲವೇ ತಿಂಗಳಲ್ಲಿ ಅದರ ಅವಧಿ ಮುಗಿದು ಟ್ರಸ್ಟೇ ಇಲ್ಲವಾಯಿತು. ದಲ್ಲಾ ನೇರ ಸರ್ಕಾರದ ಮೇಲೆ ಹೋಯಿತು. "ನಾವು ಸಹಿಯೇ ಹಾಕಿಲ್ಲ" ಅಂದಿತು ಪಾಕಿಸ್ತಾನ. ಪ್ಯಾರಿಸ್‌ನಲ್ಲಿ ಕೂತ ಮೂವರು ಆರ್ಬಿಟ್ರೇಟರುಗಳು ಸರ್ಕಾರವೂ ಕರಾರಿನ ಒಂದು ಪಕ್ಷವೇ ಅಂತ ಹೇಳಿ ಸುಮಾರು 2 ಕೋಟಿ ಡಾಲರ್ ಕೊಡಿಸಿದರು.

ದಲ್ಲಾ ಅದನ್ನು ವಸೂಲಿ ಮಾಡಲು ಲಂಡನ್ನಿಗೆ ಬಂತು. 2010ರ ನವೆಂಬರಿನಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಎಲ್ಲವನ್ನೂ ಮೊದಲಿಂದ ನೋಡಿ, ಫ್ರೆಂಚ್ ಕಾನೂನಿನ ಪ್ರಕಾರವೇ, ಸರ್ಕಾರ ಪಕ್ಷವಲ್ಲ ಅಂದಿತು. ಮೂರು ತಿಂಗಳ ನಂತರ ಪ್ಯಾರಿಸ್‌ನ ಮೇಲ್ಮನವಿ ಕೋರ್ಟ್ ಅದೇ ಕಾನೂನು ಹಿಡಿದು, ಪಕ್ಷ ಹೌದು ಅಂದಿತು! ಪ್ಯಾರಿಸ್ ಕೋರ್ಟೂ ತಾನೇ ಪರೀಕ್ಷಿಸಿತು, ಸುಮ್ನೆ ತಲೆಯಾಡಿಸಲಿಲ್ಲ. ಟ್ರಸ್ಟಿನ ಹಿಂದೆ ನಿಂತು ವ್ಯವಹಾರ ನಡೆಸಿದವರು ಯಾರು ಅನ್ನೋದಕ್ಕೆ ಅದು ಜಾಸ್ತಿ ತೂಕ ಕೊಟ್ಟಿತು, ಅಷ್ಟೇ.

ನನಗೆ ನಮ್ಮ ಭಾರತದ ಕ್ರಮದ ಮೇಲೇ ತಕರಾರು. ಇಂಗ್ಲೆಂಡಿನಲ್ಲಿ ಆರ್ಬಿಟ್ರೇಟರುಗಳು ಈ ಜಗಳ ಕೇಳಲು ತಮಗೆ ಅಧಿಕಾರವಿದೆಯೇ ಅನ್ನೋ ಪ್ರಶ್ನೆಯನ್ನು ಮೊದಲೇ ಬೇರೆ ಅವಾರ್ಡ್, ಅಂದರೆ ತೀರ್ಪು, ಮಾಡಿ ಬಗೆಹರಿಸಬಹುದು. ಅದರ ಮೇಲೆ 28 ದಿನದೊಳಗೆ ಕೋರ್ಟಿಗೆ ಹೋಗಬಹುದು. ಭಾರತದ 1996ರ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ, ಆರ್ಬಿಟ್ರೇಟರ್ ನಿಮ್ಮ ಆಕ್ಷೇಪ ತಳ್ಳಿಹಾಕಿದರೆ ಪೂರ್ತಿ ವಿಚಾರಣೆ ಮುಗಿಸಿ, ಅವಾರ್ಡ್ ಬಂದ ಮೇಲೆಯೇ ಅದನ್ನು ಪ್ರಶ್ನಿಸಬೇಕು. "ನನಗೆ ಅಧಿಕಾರವಿಲ್ಲ" ಅಂದರೆ ಮಾತ್ರ ಎದುರಾಳಿ ತಕ್ಷಣ ಮೇಲ್ಮನವಿ ಹಾಕಬಹುದು. ತಂಟೆಕೋರರನ್ನು ತಡೆಯಲು ಹೀಗಿದೆ, ಒಪ್ಪಿದೆ. ಆದರೆ ನಿಜವಾಗಿ ಸಹಿ ಹಾಕದವನೂ ಫೀಸು ಕಟ್ಟುತ್ತಾ ವರ್ಷಗಟ್ಟಲೆ ಕೂರಬೇಕಲ್ಲ?

"ಸಹಿ ನಿಮ್ಮದೇ ತಾನೇ?" ಅಂತ ಗೆಳೆಯನನ್ನು ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. "ಹೌದು ಮಾರಾಯ, ನಮ್ಮ ಎಂಡಿದೇ." ಹಾಗಾದರೆ ಲಂಚದ ಕಥೆಯನ್ನು ಆರ್ಬಿಟ್ರೇಟರ್ ಮುಂದೆಯೇ ಹೇಳು ಅಂದೆ.